ಮೂವತ್ತು ದಿನ, ಐವತ್ತು ಪಾಠ, ಒಂದು ಹಸಿರು ಪಟ್ಟಿ

ತಿಪಟೂರಿನ ಚಿಕ್ಕಪ್ಪನ ಮನೆಗೆ ನಾನು ಹೋದದ್ದು ಕೊಬ್ಬರಿ ಹರಾಜಿನ ಹಳೆಯ ಲೆಕ್ಕ ಬರೆದುಕೊಳ್ಳಲು. ನನ್ನ ಪಿಎಚ್‌ಡಿ ಇರುವುದು ಕೊಬ್ಬರಿ ಬೆಲೆಯ ಮೇಲೆ. ಚಿಕ್ಕಪ್ಪ ಮೂವತ್ತು ವರ್ಷದಿಂದ ಆ ವ್ಯಾಪಾರದಲ್ಲಿದ್ದಾರೆ. ಆದರೆ ಅವತ್ತು ಲೆಕ್ಕ ಬರೆದುಕೊಂಡದ್ದು ಕೊಬ್ಬರಿಯದಲ್ಲ. ಚಿಕ್ಕಮ್ಮ ಕಾಫಿ ಕೊಡುತ್ತ, ದನಿ ತಗ್ಗಿಸಿ, "ಒಂದ್ಸಲ ಸಿಂಚನನ ಮಾತಾಡಿಸಪ್ಪ, ಎಂಟು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ" ಅಂದರು.

ಸಿಂಚನ ದ್ವಿತೀಯ ಪಿಯುಸಿ, ವಿಜ್ಞಾನ. ಪ್ರಾಯೋಗಿಕ ಪರೀಕ್ಷೆ ಮುಗಿದು, ಕಾಲೇಜಿನವರು ಓದಿಕೊಳ್ಳಲು ರಜೆ ಬಿಟ್ಟಿದ್ದರು. ಮೊದಲ ಪತ್ರಿಕೆಗೆ ಸರಿಯಾಗಿ 30 ದಿನ ಇರುವಾಗ ಅವಳು ಫೋನಿಗೆ ಒಂದು ಟೈಮ್‌ಟೇಬಲ್ ಆ್ಯಪ್ ಹಾಕಿಕೊಂಡಿದ್ದಳು. ನಾನು ಹೋದದ್ದು ಒಂಬತ್ತನೆಯ ದಿನ. ಆ್ಯಪ್ ಯಾವುದೆಂದು ನಾನು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಆಮೇಲೆ ಇನ್ನೂ ನಾಲ್ಕೈದನ್ನು ಹಾಕಿ ನೋಡಿದೆ, ಬಣ್ಣ ಬೇರೆ, ಬುದ್ಧಿ ಒಂದೇ. ವಿಷಯಗಳ ಹೆಸರು ಕೇಳುತ್ತದೆ, ಒಂದೊಂದರಲ್ಲಿ ಎಷ್ಟು ಪಾಠ ಎಂದು ಕೇಳುತ್ತದೆ, ಪರೀಕ್ಷೆಯ ತಾರೀಕು ಕೇಳುತ್ತದೆ, ದಿನಕ್ಕೆ ಎಷ್ಟು ಗಂಟೆ ಓದುತ್ತೀ ಎಂದು ಕೇಳುತ್ತದೆ. ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟರೆ ಐದು ಸೆಕೆಂಡಿನಲ್ಲಿ ತಿಂಗಳನ್ನು ಹೋಳು ಮಾಡಿ ಕೈಗಿಡುತ್ತದೆ. ನೋಡಲು ಬಹಳ ಚೆಂದ. ಅದನ್ನು ನೋಡಿದ ಕ್ಷಣಕ್ಕೆ ಅರ್ಧ ಓದಿ ಮುಗಿಸಿದಷ್ಟು ಸಮಾಧಾನ. ನನ್ನ ಜಗಳ ಇರುವುದು ಆ ಸಮಾಧಾನದ ಜೊತೆಗೇ.

ಅವಳು ಕೊಟ್ಟ ಉತ್ತರಗಳು ಹೀಗಿದ್ದವು. ಭೌತಶಾಸ್ತ್ರದಲ್ಲಿ 14 ಪಾಠ, ರಸಾಯನಶಾಸ್ತ್ರದಲ್ಲಿ 10, ಗಣಿತದಲ್ಲಿ 13, ಜೀವಶಾಸ್ತ್ರದಲ್ಲಿ 13. ಒಟ್ಟು 50. ಜೊತೆಗೆ ಕನ್ನಡ, ಇಂಗ್ಲಿಷ್. ದಿನಕ್ಕೆ ಎಷ್ಟು ಗಂಟೆ? "10" ಎಂದು ಬರೆದಿದ್ದಳು. ಹದಿನೇಳು ವರ್ಷದ ಹುಡುಗಿಗೆ ಪರೀಕ್ಷೆ ಹತ್ತಿರ ಇರುವಾಗ ಆ ಖಾಲಿ ಚೌಕದಲ್ಲಿ ಆರು ಎಂದು ಬರೆಯಲು ಕೈ ಬರುತ್ತದೆಯೇ? ನನಗೂ ಬರುತ್ತಿರಲಿಲ್ಲ. 30 ದಿನ, 10 ಗಂಟೆ, ಒಟ್ಟು 300 ಗಂಟೆ. ಆ್ಯಪ್ ಪಾಠಕ್ಕೆ 5 ಗಂಟೆಯಂತೆ 250 ಗಂಟೆಯನ್ನು ನಾಲ್ಕು ವಿಷಯಕ್ಕೆ ಹಂಚಿ, ಉಳಿದ 50ನ್ನು ಎರಡು ಭಾಷೆಗೆ ಬಿಟ್ಟುಕೊಟ್ಟಿತ್ತು. ಮೊದಲ ಏಳು ದಿನ ಭೌತಶಾಸ್ತ್ರ, ಆಮೇಲೆ ರಸಾಯನಶಾಸ್ತ್ರ, ಆಮೇಲೆ ಉಳಿದವು, ರೈಲಿನ ಬೋಗಿಗಳ ಹಾಗೆ ಒಂದರ ಹಿಂದೆ ಒಂದು.

ನಾನು ಕೇಳಿದೆ, "ನಿಜ ಹೇಳು, ದಿನಕ್ಕೆ ಎಷ್ಟು ಗಂಟೆ ಆಗ್ತಿದೆ?" ಅವಳಿಗೆ ಗೊತ್ತಿತ್ತು, ಆ್ಯಪಿನ ಟೈಮರ್ ಎಣಿಸುತ್ತದಲ್ಲ. ಎಂಟು ದಿನದ ಸರಾಸರಿ ಆರೂವರೆ ಗಂಟೆ. ನನ್ನ ಪ್ರಕಾರ ಅದು ಒಳ್ಳೆಯ ಓದು. ಬೆಳಿಗ್ಗೆ ಎರಡೂವರೆ, ಮಧ್ಯಾಹ್ನ ಎರಡು, ರಾತ್ರಿ ಎರಡು. ಅದಕ್ಕಿಂತ ಹೆಚ್ಚು ಹೊತ್ತು ಪುಸ್ತಕದ ಮುಂದೆ ಕೂರುವವರು ಇದ್ದಾರೆ, ಕೂರುವುದು ಬೇರೆ. ಆದರೆ ಆರೂವರೆ ಗಂಟೆ ಓದಿದ ಹುಡುಗಿಗೆ ಆ್ಯಪ್ ಪ್ರತಿ ರಾತ್ರಿ ಹೇಳುತ್ತಿದ್ದದ್ದು, ನೀನು ಮೂರೂವರೆ ಗಂಟೆ ಬಾಕಿ ಎಂದು.

ಬಾಕಿಯನ್ನು ಅದು ಏನು ಮಾಡುತ್ತದೆ ಎಂಬುದೇ ಮುಖ್ಯ. ಉಳಿದ ದಿನಗಳ ಮೇಲೆ ಸಮನಾಗಿ ಹರಡುತ್ತದೆ. ಇದನ್ನು ಜಾಹೀರಾತಿನಲ್ಲಿ ಜಾಣ ಮರುಹೊಂದಾಣಿಕೆ ಅನ್ನುತ್ತಾರೆ. ಆ ಜಾಣತನದ ಲೆಕ್ಕವನ್ನು ನಾನು ಕೊಬ್ಬರಿ ಲೆಕ್ಕದ ನೋಟ್‌ಬುಕ್ಕಿನಲ್ಲೇ ಹಾಕಿದೆ. ಎಂಟು ದಿನಕ್ಕೆ ಓದಿದ್ದು 52 ಗಂಟೆ. 300ರಲ್ಲಿ ಉಳಿದದ್ದು 248. ಉಳಿದ ದಿನ 22. ಅಂದರೆ ಒಂಬತ್ತನೆಯ ದಿನಕ್ಕೆ ಬೇಡಿಕೆ 11 ಗಂಟೆ 16 ನಿಮಿಷ. ಅವಳು ಇದೇ ವೇಗದಲ್ಲಿ, ಒಂದು ದಿನವೂ ತಪ್ಪದೆ ಆರೂವರೆ ಗಂಟೆ ಓದುತ್ತ ಹೋದರೆ, 15ನೆಯ ದಿನ ಆ್ಯಪ್ ಕೇಳುವುದು 13 ಗಂಟೆ. 20ನೆಯ ದಿನ 16 ಗಂಟೆ. ಹುಡುಗಿ ಸೋಮಾರಿಯಾಗಿಲ್ಲ, ಜ್ವರ ಬಂದಿಲ್ಲ, ಮದುವೆಮನೆಗೆ ಹೋಗಿಲ್ಲ. ಮೊದಲ ದಿನ ಬರೆದ ಒಂದು ಅಂಕಿ ತಪ್ಪಿತ್ತು, ಅಷ್ಟೇ. ಮೀಟರ್ ಬಡ್ಡಿಯವನಾದರೂ ಬಾಗಿಲಿಗೆ ಬಂದಾಗ ಮುಖ ನೋಡಿ ಒಂದು ವಾರ ಬಿಡುತ್ತಾನೆ.

ಮೊದಲ ಅಂಕಿ ತಪ್ಪುವುದು ಸಿಂಚನಳ ದೋಷವೂ ಅಲ್ಲ. ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಮನುಷ್ಯರು ಕಡಿಮೆ ಅಂದಾಜು ಮಾಡುತ್ತಾರೆ ಎಂಬುದಕ್ಕೆ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಒಂದು ಹೆಸರು ಇಟ್ಟರು. 1994ರಲ್ಲಿ ಬ್ಯೂಲರ್ ಮತ್ತು ಸಂಗಡಿಗರು ಪ್ರಬಂಧ ಬರೆಯುತ್ತಿದ್ದ ಪದವಿ ವಿದ್ಯಾರ್ಥಿಗಳನ್ನು, ಯಾವತ್ತು ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ ಉತ್ತರ 34 ದಿನ. ಎಲ್ಲವೂ ಕೆಟ್ಟರೆ? ಸುಮಾರು 49 ದಿನ. ನಿಜಕ್ಕೂ ಆದದ್ದು 55 ದಿನಕ್ಕೂ ಹೆಚ್ಚು. ಅಂದರೆ ಕೆಟ್ಟದ್ದನ್ನೆಲ್ಲ ಊಹಿಸಿಕೊಂಡು ಹಾಕಿದ ಅಂದಾಜು ಕೂಡ ಸಾಲಲಿಲ್ಲ. (ನನ್ನ ಮಾರ್ಗದರ್ಶಕರಿಗೆ ಎರಡನೆಯ ಅಧ್ಯಾಯ ಯುಗಾದಿಗೆ ಕೊಡುತ್ತೇನೆ ಎಂದಿದ್ದೆ. ಯಾವ ಯುಗಾದಿ ಎಂದು ಮೇಡಂ ಈಗ ಕೇಳುತ್ತಾರೆ.) ಹೀಗಿರುವಾಗ, ಎಷ್ಟು ಗಂಟೆ ಓದುತ್ತೀ ಎಂದು ಕೇಳಿ ಬಂದ ಉತ್ತರವನ್ನು ಸತ್ಯವೆಂದು ನಂಬಿ ತಿಂಗಳಿಡೀ ಕಟ್ಟುವುದು ಎಂಥ ವಿನ್ಯಾಸ? ಫೋನಿನೊಳಗೇ ಟೈಮರ್ ಇದೆ. ಮೂರು ದಿನ ಸುಮ್ಮನೆ ಅಳೆದು, ಅಳತೆಗೆ ತಕ್ಕ ಹಾಗೆ ಹಂಚಲು ಅದಕ್ಕೆ ಏನೂ ಕಷ್ಟವಿಲ್ಲ. ಮಾಡುವುದಿಲ್ಲ. ಏಕೆಂದರೆ ಮೊದಲ ದಿನವೇ ಪೂರ್ತಿ ತಿಂಗಳು ಬಣ್ಣಬಣ್ಣವಾಗಿ ಕಾಣಿಸದಿದ್ದರೆ ಯಾರು ಆ್ಯಪ್ ಇಟ್ಟುಕೊಳ್ಳುತ್ತಾರೆ?

ಇಷ್ಟು ಹೊತ್ತು ಲೆಕ್ಕ ಹಾಕುತ್ತಿದ್ದಾಗ ಒಂದು ವಿಷಯ ಹೊಂದುತ್ತಿರಲಿಲ್ಲ. ನನ್ನ ಕಾಗದದಲ್ಲಿ 11 ಗಂಟೆ 16 ನಿಮಿಷ. ಅವಳ ಫೋನಿನಲ್ಲಿ ಅವತ್ತಿನ ಗುರಿ 10 ಗಂಟೆ 35 ನಿಮಿಷ. ಪಾಠಗಳ ಪಟ್ಟಿ ತೆಗೆದು ನೋಡಿದೆ. ಭೌತಶಾಸ್ತ್ರದ 14ರಲ್ಲಿ 13 ಹಸಿರಾಗಿದ್ದವು. 52 ಗಂಟೆಗೆ, ಐದೈದು ಗಂಟೆಯಂತೆ, ಹತ್ತು ಪಾಠ ಮುಗಿದು ಹನ್ನೊಂದನೆಯದಕ್ಕೆ ಕೈ ಹಾಕಿರಬೇಕು. ಇನ್ನು ಮೂರು?

ಅವಳು ತಲೆ ಬಗ್ಗಿಸಿದಳು. "ಅಪ್ಪಂಗೆ ದಿನಾ ರಾತ್ರಿ ಮೆಸೇಜ್ ಹೋಗುತ್ತೆ ಅಣ್ಣ. ಕೆಂಪು ಬಂದ್ರೆ ಏನಮ್ಮ ಇವತ್ತು ಅಂತಾರೆ. ಬೈಯಲ್ಲ. ಆದ್ರೆ ಕೇಳ್ತಾರೆ."

ಚಿಕ್ಕಪ್ಪ ಬೈಯುವವರಲ್ಲ, ನನಗೆ ಗೊತ್ತು. ಪೋಷಕರಿಗೆ ವರದಿ ಕಳಿಸುವ ಸೌಲಭ್ಯಕ್ಕೆ ಹೆಚ್ಚಿನ ಹಣ ಕಟ್ಟಿದ್ದರು, ಮಗಳ ಓದಿನಲ್ಲಿ ತಾನೂ ಒಂದು ಕೈ ಹಿಡಿದ ಹಾಗಾಗಲಿ ಎಂದು. ಅವರಿಗೆ ಭೌತಶಾಸ್ತ್ರ ಗೊತ್ತಿಲ್ಲ, ಬಣ್ಣ ಗೊತ್ತು. ಮಗಳು ಅವರಿಗೆ ಬಣ್ಣ ಕೊಟ್ಟಳು. ಅವಳು ಓದದೇ ಹಸಿರು ಮಾಡಿದ ಮೂರು ಪಾಠಗಳಿಗೆ ಆ್ಯಪ್ ಮತ್ತೆ ಯಾವತ್ತೂ ಬರುವುದಿಲ್ಲ. ಅದರ ಪ್ರಕಾರ ಅವು ಮುಗಿದಿವೆ. ಒಂದು ರಾತ್ರಿಯ ಪ್ರಶ್ನೆ ತಪ್ಪಿಸಿಕೊಳ್ಳಲು ಹೇಳಿದ ಸಣ್ಣ ಸುಳ್ಳು ತಿಂಗಳ ಯೋಜನೆಯೊಳಗೆ ಸೇರಿಕೊಂಡು, ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆಯಾಗಿ ಎದುರಿಗೆ ಬರುತ್ತದೆ. ಓದುವ ಮಗುವಿನ ದಿನಚರಿಯನ್ನು ಅದು ತಾನು ನೋಡಿಕೊಳ್ಳಲೆಂದು ಬರೆಯುತ್ತದೆ. ಇನ್ನೊಬ್ಬರು ನೋಡುತ್ತಾರೆಂದು ಗೊತ್ತಾದ ದಿನ ಅದು ದಿನಚರಿಯಲ್ಲ, ಅರ್ಜಿ.

ಸುಳ್ಳು ಹಸಿರಿನ ಮಾತು ಹಾಗಿರಲಿ. ನಿಜವಾದ ಹಸಿರನ್ನೂ ನಾನು ನಂಬಲಿಲ್ಲ. ಮೂರನೆಯ ದಿನವೇ ಮುಗಿಸಿದ್ದ ಸ್ಥಿರವಿದ್ಯುತ್ತಿನ ಪಾಠ ತೆಗೆದುಕೊಂಡು, ಪುಸ್ತಕ ಮುಚ್ಚಿಸಿ, ಖಾಲಿ ಹಾಳೆ ಕೊಟ್ಟೆ. ದ್ವಿಧ್ರುವದ ಅಕ್ಷದ ಮೇಲಿನ ಒಂದು ಬಿಂದುವಿನಲ್ಲಿ ವಿದ್ಯುತ್ ಕ್ಷೇತ್ರ ಎಷ್ಟು, ಸಾಧಿಸು. ಚಿತ್ರ ಬರೆದಳು, ಎರಡು ಆವೇಶ ಗುರುತಿಸಿದಳು, ಮೊದಲ ಎರಡು ಸಾಲು ಸರಿಯಾಗಿ ಬಂತು. ಕಳೆಯುವ ಹಂತದಲ್ಲಿ ಛೇದ ಸಿಕ್ಕಿಹಾಕಿಕೊಂಡು ಪೆನ್ನು ನಿಂತಿತು. "ಓದಿದ್ದೆ ಅಣ್ಣ, ನೋಡಿದ್ರೆ ಬರುತ್ತೆ" ಅಂದಳು. ಪುಸ್ತಕದಲ್ಲಿ ಆ ಪುಟ ಪೂರ್ತಿ ಹಳದಿ ಹೈಲೈಟರ್.

ನೋಡಿದರೆ ಬರುತ್ತೆ ಎಂಬ ಈ ಭಾವನೆಯನ್ನು ಅಳೆದವರಿದ್ದಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು, ಕೆಲವರು ಒಮ್ಮೆ ಓದಿ ಆಮೇಲೆ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಕಳೆದು ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಮುಂದೆ. ಇದರಲ್ಲಿ ನನಗೆ ಕಚ್ಚಿದ ಭಾಗ ಇನ್ನೊಂದು: ನನಗೆ ಚೆನ್ನಾಗಿ ನೆನಪಿರುತ್ತದೆ ಎಂದು ಹೆಚ್ಚು ಧೈರ್ಯದಿಂದ ಹೇಳಿದವರು ಮತ್ತೆ ಮತ್ತೆ ಓದಿದವರೇ. ಮರೆಯುವವರಿಗೇ ಭರವಸೆ ಜಾಸ್ತಿ. ಪಾಠ ಓದಿದ ಕೂಡಲೇ, ಆ ಭರವಸೆಯ ಬಿಸಿಯಲ್ಲೇ, ಮುಗಿಯಿತೇ ಎಂದು ಕೇಳಿ ಟಿಕ್ ಹಾಕಿಸಿಕೊಳ್ಳುವ ಆ್ಯಪ್ ಅಳೆಯುತ್ತಿರುವುದು ಏನನ್ನು?

ಚಿಕ್ಕಪ್ಪನ ಅಟ್ಟದಲ್ಲಿ ಉಂಡೆ ಕೊಬ್ಬರಿಗೆಂದು ತೆಂಗಿನಕಾಯಿ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಇಷ್ಟು ತಿಂಗಳಾಯಿತು ಎಂದು ಅವರು ಒಡೆಯುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದರೆ ಆಗಿದೆ, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಒಂದೇ ಮರದ, ಒಂದೇ ದಿನ ಕಿತ್ತ ಎರಡು ಕಾಯಿ ಒಂದೇ ದಿನ ಒಣಗುವುದಿಲ್ಲ ಎಂದು ಅವರಿಗೆ ಗೊತ್ತು. ಇದನ್ನು ಗೊತ್ತಿದ್ದ ಮನುಷ್ಯ ಮಗಳ ಪಾಠವನ್ನು ಗಂಟೆಯಲ್ಲಿ ಎಣಿಸುವುದಕ್ಕೆ ದುಡ್ಡು ಕೊಟ್ಟಿದ್ದರಲ್ಲ ಎಂದು ನನಗೆ ಬೇಸರ.

ಪಾಠಕ್ಕೆ ಐದು ಗಂಟೆ ಎಂಬ ಲೆಕ್ಕವೂ ಅಷ್ಟೇ. ಭೌತಶಾಸ್ತ್ರದಲ್ಲಿ ಕಿರಣ ದ್ಯುತಿಶಾಸ್ತ್ರದ ಪಾಠ ದೊಡ್ಡದು, ಸಾಧನೆಗಳೂ ಲೆಕ್ಕಗಳೂ ತುಂಬಿದ್ದು. ವಿದ್ಯುತ್ಕಾಂತೀಯ ತರಂಗಗಳದ್ದು ಕೆಲವೇ ಪುಟದ್ದು. ಆ್ಯಪಿಗೆ ಎರಡೂ ಒಂದೊಂದು ಪಾಠ. ಯಾವ ಪಾಠದಿಂದ ಎಷ್ಟು ಅಂಕ ಎಂಬ ಬ್ಲೂಪ್ರಿಂಟ್ ಮಂಡಳಿಯಿಂದಲೇ ಸಿಗುತ್ತದೆ, ಉಪನ್ಯಾಸಕರು ತರಗತಿಯಲ್ಲಿ ಬರೆಸಿರುತ್ತಾರೆ, ಸಿಂಚನಳ ನೋಟ್ಸಿನ ಮೊದಲ ಪುಟದಲ್ಲೇ ಇತ್ತು. ಅದನ್ನು ಕೇಳುವ ಚೌಕವೇ ಆ್ಯಪಿನಲ್ಲಿ ಇರಲಿಲ್ಲ. ಸುಲಭ, ಮಧ್ಯಮ, ಕಠಿಣ ಎಂದು ಆರಿಸುವುದಿತ್ತು, ಅದೂ ಇಡೀ ವಿಷಯಕ್ಕೆ ಒಂದೇ.

ಈಗ ಯಾರಾದರೂ ಹೇಳಬಹುದು, ನೀನು ಹಿಡಿದದ್ದು ಪೆದ್ದ ಆ್ಯಪ್, ನೆನಪನ್ನೇ ಪರೀಕ್ಷಿಸುವ ಜಾಣ ಆ್ಯಪ್‌ಗಳಿವೆಯಲ್ಲ ಎಂದು. ಇವೆ. ಅವುಗಳ ಮೇಲೆ ನನಗೆ ಗೌರವವಿದೆ, ನನ್ನ ಫೋನಿನಲ್ಲೂ ಆಂಕಿ ಇದೆ. ಆ ಬಗೆಯವುಗಳ ಹಿಂದಿನ ಮೂಲ ಲೆಕ್ಕ ಪೋಲೆಂಡಿನ ಪಿಯೋಟರ್ ವೋಜ್ನಿಯಾಕ್ 1987ರಲ್ಲಿ ಮಾಡಿದ್ದು. SM-2 ಎಂದು ಅದರ ಹೆಸರು. ಒಂದು ವಿಷಯ ಕಲಿತ ಮೇಲೆ ಮೊದಲ ಮರುಪರೀಕ್ಷೆ 1 ದಿನಕ್ಕೆ, ಎರಡನೆಯದು ಅದಾಗಿ 6 ದಿನಕ್ಕೆ, ಆಮೇಲೆ ಪ್ರತಿಸಲ ಅಂತರವನ್ನು ಸುಮಾರು ಎರಡೂವರೆ ಪಟ್ಟು ಹಿಗ್ಗಿಸುತ್ತ ಹೋಗುವುದು. 6 ಆದಮೇಲೆ 15, 15 ಆದಮೇಲೆ 37 ಚಿಲ್ಲರೆ. ಜೀವಮಾನವಿಡೀ ಒಂದು ಭಾಷೆಯ ಪದಗಳನ್ನು ನೆನಪಿಡಬೇಕಾದವನಿಗೆ ಇದು ಬಂಗಾರ. ಕೊನೆಯ ತಿಂಗಳಿನವರಿಗೆ? ಹತ್ತನೆಯ ದಿನ ಕಲಿತ ಪಾಠ ಹನ್ನೊಂದಕ್ಕೆ, ಹದಿನೇಳಕ್ಕೆ ಬರುತ್ತದೆ. ಮುಂದಿನ ಸರದಿ 32ನೆಯ ದಿನ, ಮೊದಲ ಪತ್ರಿಕೆ ಮುಗಿದ ಮೇಲೆ. ಲೆಕ್ಕಕ್ಕೆ ಪರೀಕ್ಷೆಯೊಂದಿದೆ ಎಂದೇ ಗೊತ್ತಿಲ್ಲ. ಆಂಕಿಯಲ್ಲಿ `Maximum interval` ಎಂಬ ಅಂಕಿ ಮೊದಲಿಂದಲೇ 36500 ದಿನಕ್ಕೆ ಇಟ್ಟಿರುತ್ತದೆ, ಅಂದರೆ ನೂರು ವರ್ಷ. ಅದನ್ನು ಏಳು ದಿನಕ್ಕೋ ಹತ್ತು ದಿನಕ್ಕೋ ಇಳಿಸಿಕೊಂಡರೆ ಕೆಲಸಕ್ಕೆ ಬರುತ್ತದೆ. ಆದರೂ ಅದು ಕಾರ್ಡಿನ ಮೇಲೆ ಹಿಡಿಸುವಂಥವಕ್ಕೆ: ಜೀವಶಾಸ್ತ್ರದ ಹೆಸರುಗಳು, ರಾಸಾಯನಿಕ ಕ್ರಿಯೆಗಳು, ಸೂತ್ರಗಳು. ಎರಡು ಪುಟದ ಸಾಧನೆಯನ್ನು ಕಾರ್ಡಿಗೆ ತುಂಬಲಾಗದು.

ಅಂತರ ಎಷ್ಟಿರಬೇಕು ಎಂಬುದಕ್ಕೆ ಪರೀಕ್ಷೆ ಎಷ್ಟು ದೂರ ಇದೆ ಎಂಬುದೇ ಉತ್ತರ. ಸೆಪೆಡಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಪರೀಕ್ಷೆ ಏಳು ದಿನ ದೂರವಿದ್ದಾಗ ಮೊದಲ ಓದಿಗೂ ಎರಡನೆಯದಕ್ಕೂ ಒಂದು ದಿನದ ಅಂತರ ಚೆನ್ನಾಗಿ ಫಲ ಕೊಟ್ಟಿತು. 35 ದಿನ ದೂರವಿದ್ದಾಗ ಹನ್ನೊಂದು ದಿನದ ಅಂತರ. ಅವರು ಪರೀಕ್ಷಿಸಿದ್ದು ಬಿಡಿಬಿಡಿ ಸಾಮಾನ್ಯಜ್ಞಾನದ ಸಂಗತಿಗಳನ್ನು, ಪಿಯುಸಿ ಭೌತಶಾಸ್ತ್ರವನ್ನಲ್ಲ, ಹಾಗಾಗಿ ಹನ್ನೊಂದು ಎಂಬುದನ್ನು ಪಂಚಾಂಗದ ಮುಹೂರ್ತದ ಹಾಗೆ ಹಿಡಿಯಬೇಕಾಗಿಲ್ಲ. ಆದರೆ ದಿಕ್ಕು ಸ್ಪಷ್ಟ: ಒಂದು ತಿಂಗಳಿಗೆ ಪ್ರತಿ ಪಾಠಕ್ಕೂ ಒಂದಷ್ಟು ದಿನ ಬಿಟ್ಟು ಮತ್ತೊಂದು ಸರದಿ ಬೇಕೇಬೇಕು. ಸಿಂಚನಳ ಆ್ಯಪ್ ಭೌತಶಾಸ್ತ್ರವನ್ನು ಮೊದಲ ಏಳು ದಿನಕ್ಕೆ ತುಂಬಿ, ಹಸಿರು ಬಳಿದು, ಬೀಗ ಹಾಕಿತ್ತು. ಅವಳ ಪಟ್ಟಿಯಲ್ಲಿ ಭೌತಶಾಸ್ತ್ರ ಮೂರನೆಯ ಪತ್ರಿಕೆ. ನಡುವೆ ನಾಲ್ಕು ವಾರ ಆ ಪುಸ್ತಕ ತೆರೆಯಿರಿ ಎಂದು ಹೇಳುವವರು ಯಾರೂ ಇಲ್ಲ.

ಅವತ್ತು ರಾತ್ರಿ ಊಟ ಮುಗಿಸಿ ನಾವಿಬ್ಬರೂ ಹಜಾರದಲ್ಲಿ ಕುಳಿತು ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿಕೊಂಡೆವು. ನಾನು ಹೇಳಿದೆ, ಗಂಟೆಯ ವಿಷಯದಲ್ಲಿ ಇನ್ನು ಚೌಕಾಸಿ ಇಲ್ಲ, ಆರೂವರೆ ಎಂದರೆ ಆರೂವರೆ. ಉಳಿದ 22 ದಿನದಲ್ಲಿ ಮೂರು ದಿನ, ವಾರಕ್ಕೊಂದರಂತೆ, ಏನನ್ನೂ ಬರೆಯದೆ ಬಿಡಬೇಕು. ತಪ್ಪಿಹೋದದ್ದು ಅಲ್ಲಿಗೆ ಹೋಗಲಿ. ಉಳಿದ 19 ದಿನಕ್ಕೆ ಒಟ್ಟು 123 ಗಂಟೆ 30 ನಿಮಿಷ. 248 ಬೇಕಿದ್ದ ಕಡೆ ಅದರ ಅರ್ಧ. ಅವಳ ಮುಖ ಸಣ್ಣಗಾಯಿತು. ಆದರೆ ಇದ್ದದ್ದೇ ಅಷ್ಟು, ಆ್ಯಪ್ ಅದನ್ನು ಮುಚ್ಚಿಟ್ಟಿತ್ತು ಅಷ್ಟೇ.

ಮೊದಲ ಎರಡೂವರೆ ದಿನ ಹೊಸದಾಗಿ ಏನೂ ಓದುವುದಿಲ್ಲ ಎಂದು ತೀರ್ಮಾನವಾಯಿತು. 50 ಪಾಠಕ್ಕೂ ಒಂದೊಂದು ಖಾಲಿ ಹಾಳೆ, ಒಂದಕ್ಕೆ 20 ನಿಮಿಷ. ಹಳೆಯ ಪ್ರಶ್ನೆಪತ್ರಿಕೆಗಳಿಂದ ಆ ಪಾಠದ ಒಂದು ದೊಡ್ಡ ಪ್ರಶ್ನೆ, ಎರಡು ಸಣ್ಣವು. ಪುಸ್ತಕ ಮುಚ್ಚಿ ಬರೆಯುವುದು. 16 ಗಂಟೆ 40 ನಿಮಿಷ ಇದಕ್ಕೇ ಹೋಗುತ್ತದೆ, ಉಳಿಯುವುದು 106 ಗಂಟೆ 50 ನಿಮಿಷ. "ಓದೋಕೇ ಟೈಮಿಲ್ಲ, ಬರೆಯೋದಾ?" ಎಂದು ಅವಳು ಸಿಡುಕಿದಳು. ಸಿಡುಕಿದ್ದು ಸರಿಯೇ. ಆದರೂ ಬರೆದಳು. ನಾನು ಎರಡು ದಿನಕ್ಕೆಂದು ಹೋದವನು ನಾಲ್ಕು ದಿನ ಉಳಿದೆ.

ಹಾಳೆಗಳು ಮೂರು ಗುಡ್ಡೆಯಾದವು. ಚೆನ್ನಾಗಿ ಬಂದವು 17, ಅರ್ಧಂಬರ್ಧ 22, ಏನೂ ಬಾರದವು 11. ಹಸಿರಾಗಿದ್ದ ಹದಿಮೂರರಲ್ಲಿ ಮೊದಲ ಗುಡ್ಡೆಗೆ ಬಿದ್ದದ್ದು ನಾಲ್ಕು. ಮತ್ತೊಂದು ಕಡೆ, ಆ್ಯಪ್ ಪ್ರಕಾರ ಇನ್ನೂ ಮುಟ್ಟದ ಜೀವಶಾಸ್ತ್ರದಲ್ಲಿ ಏಳು ಪಾಠ ಅವಳಿಗೆ ನಿದ್ದೆಗಣ್ಣಿನಲ್ಲೂ ಬರುತ್ತಿದ್ದವು. ಆ ಏಳಕ್ಕೂ ಐದೈದು ಗಂಟೆ, 35 ಗಂಟೆ, ಕಾದಿರಿಸಲಾಗಿತ್ತು.

ಚೆನ್ನಾಗಿ ಬಂದವುಗಳಿಗೆ ಇನ್ನೆರಡು ಸಲ 20 ನಿಮಿಷದ ಖಾಲಿ ಹಾಳೆ, ಒಂದು ವಾರ ಬಿಟ್ಟು ಒಂದು, ಪತ್ರಿಕೆಯ ಹತ್ತಿರ ಒಂದು: ಹದಿನೇಳಕ್ಕೆ 11 ಗಂಟೆ 20 ನಿಮಿಷ. ಅರ್ಧಂಬರ್ಧದವುಗಳಿಗೆ ಒಂದೂವರೆ ಗಂಟೆ ಓದು, ಮೇಲೆ ಅದೇ ಎರಡು ಹಾಳೆ: 47 ಗಂಟೆ 40 ನಿಮಿಷ. ಬಾರದ ಹನ್ನೊಂದಕ್ಕೆ ನಾಲ್ಕು ಗಂಟೆ ಓದು ಮತ್ತು ಎರಡು ಹಾಳೆ: 51 ಗಂಟೆ 20 ನಿಮಿಷ. ಕೂಡಿದರೆ 110 ಗಂಟೆ 20 ನಿಮಿಷ. ಕೈಯಲ್ಲಿರುವುದು 106 ಚಿಲ್ಲರೆ, ಅದರಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಒಂದು ನಿಮಿಷವೂ ಇಲ್ಲ.

ಯಾವ ಆ್ಯಪೂ ಮಾಡದ ಕೆಲಸ ಇಲ್ಲಿ ಬಂತು: ಬಿಡುವುದು. ಏನನ್ನು ಓದಬೇಕು ಎಂಬ ಪಟ್ಟಿಯನ್ನು ಯಾರು ಬೇಕಾದರೂ ಮಾಡುತ್ತಾರೆ. ಏನನ್ನು ಓದಬಾರದು ಎಂದು ಹೇಳುವುದಕ್ಕೆ ಆ ಹುಡುಗಿಯ ಹಾಳೆಯನ್ನೂ ಬ್ಲೂಪ್ರಿಂಟನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಾಗುತ್ತದೆ. ನಮ್ಮ ಪತ್ರಿಕೆಗಳಲ್ಲಿ ಇಷ್ಟರಲ್ಲಿ ಇಷ್ಟಕ್ಕೆ ಉತ್ತರಿಸಿ ಎಂಬ ಆಯ್ಕೆ ಇದ್ದೇ ಇರುತ್ತದೆ, ಹಾಗಾಗಿ ಬಿಡಲು ಜಾಗವಿದೆ. ಹನ್ನೊಂದರಲ್ಲಿ ಅಂಕ ಕಡಿಮೆ, ಶ್ರಮ ಹೆಚ್ಚು ಇದ್ದ ನಾಲ್ಕನ್ನು ಅವಳೇ ಆರಿಸಿದಳು. ಪ್ರತಿಯೊಂದನ್ನೂ ಕಾಟು ಹಾಕುವಾಗ ಬಿಟ್ಟುಬಿಡ್ಲಾ ಎಂದು ನನ್ನ ಮುಖ ನೋಡಿದಳು. ಅವುಗಳಲ್ಲಿ ಒಂದು ಅಂಕದ ಪ್ರಶ್ನೆಗಳನ್ನಷ್ಟೇ ನೋಡಿಕೊಳ್ಳುವುದು, ಅದೂ ಬಿಡುವಿನ ದಿನಗಳಲ್ಲಿ ಸಮಯ ಉಳಿದರೆ. ಉಳಿದ ಏಳಕ್ಕೆ 32 ಗಂಟೆ 40 ನಿಮಿಷ. ಒಟ್ಟು 91 ಗಂಟೆ 40 ನಿಮಿಷಕ್ಕೆ ಇಳಿಯಿತು. ಭಾಷೆಗಳಿಗೆ 15 ಗಂಟೆ ಸಿಕ್ಕಿತು. ಆ್ಯಪ್ ಕೊಟ್ಟಿದ್ದ 50ರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಕನ್ನಡದ ವಿಷಯದಲ್ಲಿ ನನಗೆ ಅದು ನೋವೇ, ಆದರೆ ಪದ್ಯಗಳು ಅವಳಿಗೆ ಬಾಯಿಪಾಠ ಇದ್ದವು, ವ್ಯಾಕರಣವೊಂದೇ ಬಾಕಿ.

ಇನ್ನೊಂದು ಸಂಗತಿ ಕ್ಯಾಲೆಂಡರ್ ನೋಡುವವರೆಗೆ ನಮಗಿಬ್ಬರಿಗೂ ಹೊಳೆದಿರಲಿಲ್ಲ. ಪರೀಕ್ಷೆ ಎಂದರೆ ಒಂದು ದಿನವಲ್ಲ. ಮೊದಲ ಪತ್ರಿಕೆಯಿಂದ ಅವಳ ಕೊನೆಯ ಪತ್ರಿಕೆಯವರೆಗೆ ಎರಡು ವಾರಕ್ಕೂ ಹೆಚ್ಚು, ನಡುವೆ ಅಲ್ಲಲ್ಲಿ ಒಂದು ದಿನ, ಎರಡು ದಿನ ಬಿಡುವು. ಪ್ರತಿ ವಿಷಯದ ಎರಡನೆಯ ಹಾಳೆಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಕೆಲವು ಆ್ಯಪ್‌ಗಳು ವಿಷಯವಾರು ತಾರೀಕು ಕೇಳುತ್ತವೆ ನಿಜ, ಆದರೆ ಇನ್ನು ಇಷ್ಟು ದಿನ ಎಂದು ಹೆದರಿಸಲಿಕ್ಕೆ. ಜೀವಶಾಸ್ತ್ರ ಅವಳಿಗೆ ಕೊನೆಯದು, ಅದಕ್ಕೆ ಮುಂಚೆ ಎರಡು ದಿನ ಖಾಲಿ. ಕಾಟು ಹಾಕಿದ ನಾಲ್ಕರಲ್ಲಿ ಎರಡು ಜೀವಶಾಸ್ತ್ರದವೇ. ಅವನ್ನು ಆ ಖಾಲಿ ದಿನಗಳಿಗೆ ಎತ್ತಿಟ್ಟೆವು. ಕಾಟಿನ ಮೇಲೆ ಅವಳು ಸಣ್ಣಗೆ ಬಾಣದ ಗುರುತು ಹಾಕಿದಳು.

ನಾನು ಹೇಳುತ್ತಿರುವುದರಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡುವುದಿಲ್ಲ. ಸಿಂಚನಳಿಗೆ ಪಿಎಚ್‌ಡಿ ಮಾಡುವ ಅಣ್ಣನೊಬ್ಬ ನಾಲ್ಕು ದಿನ ಬಂದು ಕುಳಿತ. ಮನೆಯಲ್ಲಿ ಮೊದಲ ಸಲ ಪಿಯುಸಿ ಮೆಟ್ಟಿಲು ಹತ್ತಿದ, ಕೂಲಿಗೆ ಹೋಗುವ ಅಪ್ಪ ಅಮ್ಮನ ಮಗುವಿಗೆ ಯಾರಿದ್ದಾರೆ? ನನ್ನ ಜೊತೆ ಹಾಸ್ಟೆಲಿನಲ್ಲಿರುವ ಗೆಳೆಯನೊಬ್ಬ ಹಾಗೆ ಬಂದವನು. ಅವನು ಹೇಳಿದ, "ನಿಂಗೆ ಆ್ಯಪ್ ಕೆಟ್ಟದ್ದು ಅನ್ಸುತ್ತೆ. ನಂಗೆ ಆಗ ಕೊನೇ ತಿಂಗಳು ಎಲ್ಲಿಂದ ಶುರು ಮಾಡೋದು ಅಂತಾನೇ ಗೊತ್ತಿರಲಿಲ್ಲ. ತಪ್ಪು ಪಟ್ಟಿನಾದ್ರೂ ಸರಿ, ಒಂದು ಪಟ್ಟಿ ಇದ್ದಿದ್ರೆ ಒಂದು ವಾರ ಉಳೀತಿತ್ತು." ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಖಾಲಿ ಹಾಳೆಯ ಭಯ ದೊಡ್ಡದು, ಆ ಭಯವನ್ನು ಆ್ಯಪ್ ಐದು ಸೆಕೆಂಡಿನಲ್ಲಿ ತೆಗೆಯುತ್ತದೆ. ಆದರೆ 20ನೆಯ ದಿನ 16 ಗಂಟೆ ಕೇಳಿ ಅದಕ್ಕಿಂತ ದೊಡ್ಡ ಭಯವನ್ನು ಕೊಡುವುದೂ ಅದೇ, ಮತ್ತು ಅದು ಹೆಚ್ಚು ತಟ್ಟುವುದು ಗೆಳೆಯನಂಥವರಿಗೇ. ಲೆಕ್ಕ ತಪ್ಪಿರಬಹುದು ಎಂದು ಹೇಳುವ ಅಣ್ಣ ಇಲ್ಲದವನು, ತಪ್ಪಿರುವುದು ತಾನೇ ಎಂದುಕೊಳ್ಳುತ್ತಾನೆ. ಇದನ್ನು ಸರಿಮಾಡಲು ಹೊಸ ವಿಜ್ಞಾನವೇನೂ ಬೇಕಾಗಿಲ್ಲ. ಮೂರು ದಿನ ಅಳೆದು ಆಮೇಲೆ ಹಂಚುವುದು, ವಾರಕ್ಕೊಂದು ಖಾಲಿ ದಿನ, ಟಿಕ್ಕಿನ ಬದಲು ಪುಸ್ತಕ ಮುಚ್ಚಿ ಬರೆದೆಯಾ ಎಂಬ ಪ್ರಶ್ನೆ, ಹಿಡಿಸದಿದ್ದಾಗ ಯಾವುದನ್ನು ಬಿಡುತ್ತೀ ಎಂಬ ಪ್ರಶ್ನೆ. ನಮ್ಮ ಮಂಡಳಿಯ ಬ್ಲೂಪ್ರಿಂಟನ್ನು ಒಳಗೆ ಸೇರಿಸುವುದು ಒಬ್ಬ ಪ್ರೋಗ್ರಾಮರಿಗೆ ಎಷ್ಟು ದಿನದ ಕೆಲಸ? ಅವನ ಅಂದಾಜನ್ನು ಒಂದೂವರೆ ಪಟ್ಟು ಮಾಡಿಕೊಂಡರೂ ಹೆಚ್ಚಲ್ಲ.

ಹೊರಡುವ ದಿನ ಬೆಳಿಗ್ಗೆ ಚಿಕ್ಕಪ್ಪನಿಗೆ ಹೇಳಿದೆ, ವರದಿ ಬರುವುದನ್ನು ನಿಲ್ಲಿಸಿ ಎಂದು. ಅವರು ಕನ್ನಡಕ ಏರಿಸಿ ಫೋನ್ ನೋಡಿ, "ವರ್ಷದ ದುಡ್ಡು ಕಟ್ಬಿಟ್ಟಿದೀನಲ್ಲೋ" ಅಂದರು. ನಿಲ್ಲಿಸುವ ಗುಂಡಿ ಹುಡುಕಲು ನಮಗೆ ಕಾಲು ಗಂಟೆ ಹಿಡಿಯಿತು. ಶುರು ಮಾಡುವ ಗುಂಡಿ ಮುಖಪುಟದಲ್ಲೇ ಇತ್ತು. ಹಾಗಾದ್ರೆ ನಾನೇನು ಮಾಡ್ಲಿ ಎಂದು ಕೇಳಿದರು. ರಾತ್ರಿ ಅವಳು ಬರೆದ ಹಾಳೆಗಳಲ್ಲಿ ಯಾವುದಾದರೂ ಒಂದನ್ನು ಪುಸ್ತಕದ ಪಕ್ಕ ಇಟ್ಟು, ಸಾಲು ಸಾಲಾಗಿ ಹೋಲಿಸಿ ನೋಡಿ ಅಂದೆ. ಅರ್ಥವಾಗಬೇಕಾಗಿಲ್ಲ, ಚಿಹ್ನೆ ತಪ್ಪಿದರೆ ಕಾಣುತ್ತದೆ.

ಹನ್ನೊಂದು ದಿನ ಬಿಟ್ಟು ಸಿಂಚನ ಫೋನ್ ಮಾಡಿದಳು. ಜ್ವರ ಬಂದು ಒಂದು ದಿನ ಪೂರ್ತಿ ಹೋಗಿತ್ತು, ಖಾಲಿ ಬಿಟ್ಟ ಎರಡನೆಯ ದಿನ ಅದಕ್ಕೇ ತೀರಿತ್ತು. "ಇನ್ನೊಂದು ಪಾಠಕ್ಕೆ ಕಾಟು ಹಾಕಿದೆ ಅಣ್ಣ, ನಿನ್ನ ಕೇಳಲಿಲ್ಲ" ಅಂದಳು. ಯಾವುದು ಎಂದು ಕೇಳಿದೆ. ಹೇಳಿದಳು. ನಾನಾಗಿದ್ದರೆ ಅದನ್ನು ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಚಿಕ್ಕಪ್ಪನ ದನಿ ಕೇಳಿತು: "ನೋಡಮ್ಮ, ಇಲ್ಲಿ ಪುಸ್ತಕದಾಗೆ ಮೈನಸ್ ಐತೆ, ನಿಂದ್ರಲ್ಲಿ ಇಲ್ಲ." ಬರ್ತೀನಿ ಎಂದು ಫೋನ್ ಇಟ್ಟಳು.